ಕೀ ತಿರುಗಿಸಿದರೆ ಹೆಬ್ಬೆರಳಿನ ಬುಡ ನೋಯುತ್ತದೆ: ಸವೆದ ಕೀಲಿಗೆ ಏನು ಮಾಡಬಹುದು?

ಪ್ರಶ್ನೆ: ನನಗೆ 58 ವರ್ಷ. ಶಂಕರಪುರದ ಹತ್ತಿರ ನಮ್ಮ ಮನೆ. ಹಿತ್ತಲಿನಲ್ಲಿ ಮಲ್ಲಿಗೆ ಗಿಡಗಳಿವೆ, ಮೂವತ್ತು ವರ್ಷದಿಂದ ಹೂ ಕಟ್ಟುತ್ತಿದ್ದೇನೆ. ಒಂದೂವರೆ ವರ್ಷದಿಂದ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಬೀಗದ ಕೀ ತಿರುಗಿಸುವಾಗ, ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳ ತೆರೆಯುವಾಗ ಜೀವ ಹೋದಂತಾಗುತ್ತದೆ. ಎಕ್ಸ್‌ರೇ ನೋಡಿ ಸವೆತ ಜಾಸ್ತಿಯಾಗಿದೆ ಎಂದರು. ರಕ್ತಪರೀಕ್ಷೆಯಲ್ಲಿ ಆಮವಾತ ಇಲ್ಲವಂತೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಒಬ್ಬರು ಇಂಜೆಕ್ಷನ್ ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಎನ್ನುತ್ತಾರೆ. ನೆರೆಮನೆಯವರು ಬಟಾಟೆ, ಗುಳ್ಳ ಬಿಡಿ, ಸ್ಪಂಜಿನ ಚೆಂಡು ಹಿಸುಕಿ ಎನ್ನುತ್ತಾರೆ. ಹೂ ಕಟ್ಟುವುದನ್ನೇ ನಿಲ್ಲಿಸಬೇಕೇ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಸ್ಪಂಜಿನ ಚೆಂಡನ್ನು ಮಾತ್ರ ಇಂದೇ ಬದಿಗಿಡಿ. ಉಳಿದ ಯಾವ ನಿರ್ಧಾರಕ್ಕೂ ಅವಸರವಿಲ್ಲ. ಹೂ ಕಟ್ಟುವುದನ್ನು ಪೂರ್ತಿ ನಿಲ್ಲಿಸಬೇಕಾದ ಪ್ರಸಂಗ ನಿಮಗೆ ಬಂದಿದೆ ಎಂದು ನಿಮ್ಮ ವಿವರಗಳಿಂದ ನನಗೆ ಅನಿಸುವುದಿಲ್ಲ. ಕಟ್ಟುವ ರೀತಿಯನ್ನು ಬದಲಿಸಬೇಕಾದದ್ದು ನಿಜ. ಏಕೆ ಎಂಬುದು ತಿಳಿಯಬೇಕಾದರೆ ನೋಯುತ್ತಿರುವ ಆ ಸಣ್ಣ ಕೀಲು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ.

ನಿಮ್ಮ ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿ, ಒಂದು ಕೈಯ ಆ ಕವಲನ್ನು ಇನ್ನೊಂದು ಕೈಯ ಕವಲಿನೊಳಗೆ ಅಡ್ಡಡ್ಡವಾಗಿ ಕೂರಿಸಿ ನೋಡಿ. ಹಿಂದೆ ಮುಂದೆ ವಾಲಿಸಬಹುದು, ಅಕ್ಕಪಕ್ಕಕ್ಕೂ ವಾಲಿಸಬಹುದು, ಸ್ವಲ್ಪ ತಿರುಗಿಸಲೂ ಬಹುದು. ಹೆಬ್ಬೆರಳಿನ ಬುಡದ ಕೀಲು ಇರುವುದು ಹೀಗೆಯೇ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳಲ್ಲಿ ಒಂದಾದ ಟ್ರಪೀಜಿಯಂ ಎಂಬ ಮೂಳೆಯ ಮೇಲೆ ಹೆಬ್ಬೆರಳಿನ ಅಂಗೈ ಮೂಳೆ ಕುದುರೆಯ ಬೆನ್ನಿನ ಮೇಲಿನ ಜೀನಿನಂತೆ ಕೂತಿದೆ. ಮನುಷ್ಯನ ಹೆಬ್ಬೆರಳು ಉಳಿದ ನಾಲ್ಕೂ ಬೆರಳುಗಳಿಗೆ ಎದುರಾಗಿ ನಿಲ್ಲಬಲ್ಲದ್ದು ಈ ಆಕಾರದಿಂದ. ಆದರೆ ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲಿನೊಳಗೆ ಕೂತಿರುವ ಹಾಗೆ ಇಲ್ಲಿ ಭದ್ರವಾದ ಗೂಡಿಲ್ಲ. ಮೂಳೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಕಟ್ಟುನಾರುಗಳು ಮತ್ತು ಸಣ್ಣ ಸ್ನಾಯುಗಳು ಮಾತ್ರ. ವಯಸ್ಸಿನೊಂದಿಗೆ ಆ ಕಟ್ಟುನಾರುಗಳು ಸಡಿಲವಾಗುತ್ತವೆ, ಮೂಳೆಯ ಬುಡ ಹೊರಕ್ಕೆ ಜಾರಲು ತೊಡಗುತ್ತದೆ, ಮೂಳೆಗಳ ನಡುವಿನ ನುಣುಪಾದ ಮೃದ್ವಸ್ಥಿ ಒಂದೇ ಬದಿಯಲ್ಲಿ ಉಜ್ಜಿ ತೆಳುವಾಗುತ್ತದೆ. ಋತುಬಂಧ ಕಳೆದ ಮಹಿಳೆಯರಲ್ಲಿ ಇದು ಪುರುಷರಿಗಿಂತ ಬಹಳ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಕೀ ತಿರುಗಿಸುವಾಗಲೇ ಏಕೆ ಇಷ್ಟು ನೋವು? ಹೆಬ್ಬೆರಳು ಒಂದು ಉದ್ದನೆಯ ಸನ್ನೆಗೋಲು. ಅದರ ತುದಿಯಲ್ಲಿ ನೀವು ಹಾಕುವ ಬಲ ಬುಡಕ್ಕೆ ತಲುಪುವಾಗ ಅನೇಕ ಪಟ್ಟು ಹೆಚ್ಚಿರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳ ನಡುವೆ ಒಂದು ಕಿಲೋ ಬಲದಿಂದ ಏನನ್ನಾದರೂ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ ಎಂದು 1977ರಲ್ಲಿ ಕೂನಿ ಮತ್ತು ಚಾವೊ ಎಂಬ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಹಿಡಿದ ಬೀಗಕ್ಕೆ ನಾಲ್ಕು ಕಿಲೋ ಬಲ ಬೇಕಾಯಿತು ಎಂದಿಟ್ಟುಕೊಂಡರೆ, ಹೆಬ್ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಕೀಲು ಆ ಕ್ಷಣದಲ್ಲಿ ಒಂದು ಅಕ್ಕಿಮೂಟೆಯಷ್ಟು ಭಾರ ಹೊರುತ್ತಿರುತ್ತದೆ. ಅದರ ಮೇಲೆ ತಿರುಚುವಿಕೆಯೂ ಸೇರುತ್ತದೆ. ಮುಚ್ಚಳ ತೆರೆಯುವಾಗ ಹೆಬ್ಬೆರಳು ಪೂರ್ತಿ ಅಗಲಿಸಿಕೊಂಡು ಅದೇ ಬಲ ಹಾಕಬೇಕಾಗುವುದರಿಂದ, ಈಗಾಗಲೇ ಜಾರುತ್ತಿರುವ ಮೂಳೆ ಇನ್ನಷ್ಟು ಹೊರಕ್ಕೆ ದೂಡಲ್ಪಡುತ್ತದೆ.

ಇದರಿಂದಲೇ ಚೆಂಡಿನ ಮಾತೂ ಅರ್ಥವಾಗುತ್ತದೆ. ಹಿಸುಕಿದಾಗಲೆಲ್ಲ ಇದೇ ಲೆಕ್ಕದ ಭಾರ ಅದೇ ಸವೆದ ಜಾಗದ ಮೇಲೆ ಬೀಳುತ್ತದೆ. ಜೊತೆಗೆ ಹೆಬ್ಬೆರಳನ್ನು ಅಂಗೈಯೊಳಗೆ ಎಳೆಯುವ ಸ್ನಾಯು, ಅಂದರೆ ಈಗಾಗಲೇ ಬಿಗಿದುಕೊಂಡಿರುವ ಸ್ನಾಯುವೇ, ಮತ್ತಷ್ಟು ಬಲಗೊಳ್ಳುತ್ತದೆ. ಪಾರ್ಶ್ವವಾಯುವಿನ ನಂತರವೋ ಮೂಳೆಮುರಿತದ ನಂತರವೋ ಕೆಲವರಿಗೆ ಆ ವ್ಯಾಯಾಮ ಹೇಳುವುದುಂಟು. ಅದನ್ನು ನೋಡಿದವರು ಒಳ್ಳೆಯ ಮನಸ್ಸಿನಿಂದಲೇ ನಿಮಗೂ ಹೇಳಿರುತ್ತಾರೆ, ಆದರೆ ಈ ಕೀಲಿಗೆ ಅದು ಹೊಂದುವುದಿಲ್ಲ.

ಮುಂದೆ ಹೋಗುವ ಮೊದಲು ನೋವು ನಿಜವಾಗಿ ಈ ಕೀಲಿನದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ 58ನೇ ವಯಸ್ಸಿನಲ್ಲಿ ಯಾರ ಕೈಯ ಎಕ್ಸ್‌ರೇ ತೆಗೆದರೂ ಅಲ್ಲಿ ಅಷ್ಟಿಷ್ಟು ಸವೆತ ಕಾಣುವುದು ಸಾಮಾನ್ಯ. ಎಡಗೈ ಬೆರಳಿನಿಂದ ಬಲ ಹೆಬ್ಬೆರಳಿನ ಮೂಳೆಯನ್ನು ಮೇಲಿನಿಂದ ಸವರುತ್ತ ಮಣಿಕಟ್ಟಿನ ಕಡೆಗೆ ಬನ್ನಿ. ಅಂಗೈಯ ದಪ್ಪ ಉಬ್ಬು ಮುಗಿಯುವಲ್ಲಿ, ಮಣಿಕಟ್ಟಿಗೆ ಇನ್ನೂ ಒಂದು ಬೆರಳಿನಷ್ಟು ದೂರ ಇರುವಾಗ ಒಂದು ಸಣ್ಣ ತಗ್ಗೋ ಮೆಟ್ಟಿಲಿನಂಥ ಉಬ್ಬೋ ಸಿಗುತ್ತದೆ. ಅಲ್ಲಿ ಒತ್ತಿದಾಗ ನಿಮ್ಮ ದಿನನಿತ್ಯದ ನೋವೇ ಎದ್ದು ಬಂದರೆ ಕೀಲಿನ ಸವೆತ ಎಂಬ ಅನುಮಾನ ಬಲವಾಗುತ್ತದೆ. ನಾವು ಪರೀಕ್ಷಿಸುವಾಗ ಹೆಬ್ಬೆರಳಿನ ಮೂಳೆಯನ್ನು ಬುಡದ ಕಡೆಗೆ ಒತ್ತಿ, ಒರಳಿನಲ್ಲಿ ಗುಂಡು ತಿರುಗಿಸುವ ಹಾಗೆ ಮೆಲ್ಲನೆ ತಿರುಗಿಸುತ್ತೇವೆ; ನೋವಿನೊಂದಿಗೆ ಒಳಗೆ ಮರಳು ಉಜ್ಜಿದಂಥ ಅನುಭವವೂ ಆದರೆ ಹೆಚ್ಚಿನ ಸಂದೇಹ ಉಳಿಯುವುದಿಲ್ಲ.

ನೋವು ಇದಕ್ಕಿಂತ ಮೇಲೆ, ಮಣಿಕಟ್ಟಿನ ಬದಿಯ ಗಟ್ಟಿ ಮೂಳೆಯ ಮೇಲೆಯೇ ಇದ್ದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಚುಚ್ಚುವಂತಾದರೆ ಅದು ಸ್ನಾಯುರಜ್ಜುಗಳ ಕವಚದ ಉರಿಯೂತ. ಎಳೆಮಗುವನ್ನು ಎತ್ತಿ ಎತ್ತಿ ಇಳಿಸುವ ಬಾಣಂತಿಯರಲ್ಲಿ ನಾನು ಅದನ್ನು ಹೆಚ್ಚಾಗಿ ನೋಡುತ್ತೇನೆ, ಅದರ ಚಿಕಿತ್ಸೆಯೇ ಬೇರೆ. ಬೆರಳು ಮಡಚಿದಾಗ ಸಿಕ್ಕಿಕೊಂಡು ಟಕ್ಕೆಂದು ಬಿಡಿಸಿಕೊಳ್ಳುತ್ತಿದ್ದರೆ ಅದು ಇನ್ನೊಂದು ತೊಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಸಾಮಾನ್ಯ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದು ಕೀಲು ಸವೆತದ ಜೊತೆಗೇ ಇರುವುದೂ ಉಂಟು, ಆದ್ದರಿಂದ ಆ ಲಕ್ಷಣವನ್ನು ವೈದ್ಯರಿಗೆ ಪ್ರತ್ಯೇಕವಾಗಿ ಹೇಳಿ. ಕೀಲು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ, ಅಥವಾ ಅನೇಕ ಬೆರಳುಗಳ ಗಂಟುಗಳು ಊದಿಕೊಂಡು ಬೆಳಗ್ಗೆ ಒಂದು ಗಂಟೆಯಾದರೂ ಬಿಗಿತ ಇಳಿಯದಿದ್ದರೆ ಈ ಉತ್ತರವನ್ನು ನೆಚ್ಚಿಕೊಳ್ಳದೆ ತಡಮಾಡದೆ ತೋರಿಸಬೇಕು. ಆಮವಾತದ ರಕ್ತಪರೀಕ್ಷೆ ಸರಿಯಾಗಿ ಬಂದವರಲ್ಲಿಯೂ ಕೆಲವೊಮ್ಮೆ ಆ ಕಾಯಿಲೆ ಇರುತ್ತದೆ.

ಬಟಾಟೆ, ಗುಳ್ಳದ ವಿಷಯ. ನೀವಿರುವ ಊರಿನಿಂದ ಮಟ್ಟು ದೂರವಿಲ್ಲ, ಆ ಗುಳ್ಳದ ಸಾಂಬಾರನ್ನು ಬಿಡಬೇಕಾದ ಯಾವ ಕಾರಣವೂ ಈ ಕೀಲಿನಲ್ಲಿ ಇಲ್ಲ. ನಿಮ್ಮ ಸಕ್ಕರೆ ಕಾಯಿಲೆಗಾಗಿ ಬಟಾಟೆಯ ಪ್ರಮಾಣ ಕಡಿಮೆ ಮಾಡಲು ನಿಮ್ಮ ವೈದ್ಯರು ಹೇಳಿದ್ದರೆ ಅದು ಬೇರೆ ಮಾತು. ಕ್ಯಾಲ್ಸಿಯಂ ಮಾತ್ರೆಯಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ, ಏಕೆಂದರೆ ಮೃದ್ವಸ್ಥಿ ಕ್ಯಾಲ್ಸಿಯಂನಿಂದಾದ ವಸ್ತುವೇ ಅಲ್ಲ. ಬಿಸಿ ಎಣ್ಣೆ ಹಚ್ಚಿ ಮೆಲ್ಲನೆ ಸವರುವುದು ಸ್ನಾಯುಗಳಿಗೆ ಹಿತ ನೀಡುತ್ತದೆ, ಅದನ್ನು ಬೇಡವೆನ್ನುವುದಿಲ್ಲ. ಆದರೆ ಹೆಬ್ಬೆರಳನ್ನು ಎಳೆದು ಲಟಿಕೆ ತೆಗೆಸಿ "ಜಾಗಕ್ಕೆ ಕೂರಿಸುವ" ಪ್ರಯತ್ನಗಳಿಂದ ಸಡಿಲವಾದ ಕಟ್ಟುನಾರು ಇನ್ನಷ್ಟು ಸಡಿಲವಾಗುವುದನ್ನು ನಾನು ಕಂಡಿದ್ದೇನೆ.

ಎಕ್ಸ್‌ರೇಯ ಬಗ್ಗೆ ಇರುವ ಭಯವನ್ನು ಇದಕ್ಕಿಂತ ಗಂಭೀರವಾಗಿ ಪರಿಗಣಿಸಬೇಕು. "ಸವೆತ ಜಾಸ್ತಿ" ಎಂಬ ಎರಡು ಶಬ್ದಗಳನ್ನು ಕೇಳಿದವರು ಇನ್ನು ಆಪರೇಷನ್ನೇ ದಾರಿ ಎಂದು ತಾವೇ ತೀರ್ಮಾನಿಸಿಬಿಡುತ್ತಾರೆ. ಚಿತ್ರದಲ್ಲಿ ಕಾಣುವ ಸವೆತಕ್ಕೂ ಕೈಯಲ್ಲಿ ಆಗುವ ನೋವಿಗೂ ಇರುವ ಸಂಬಂಧ ಬಹಳ ದುರ್ಬಲ. ಹಲವು ವರ್ಷಗಳ ಹಿಂದೆ ಬಂಟ್ವಾಳ ಕಡೆಯಿಂದ ಬೀಡಿ ಕಟ್ಟುವ ಒಬ್ಬ ಮಹಿಳೆ ನನ್ನಲ್ಲಿಗೆ ಬಂದಿದ್ದರು. ವಯಸ್ಸು ಐವತ್ತನಾಲ್ಕು. ಎಲೆಯನ್ನು ಸುರುಳಿ ಸುತ್ತುವ ಕೆಲಸವೆಂದರೆ ದಿನವಿಡೀ ಹೆಬ್ಬೆರಳು ಮತ್ತು ತೋರುಬೆರಳನ್ನು ಒತ್ತಿ ಹಿಡಿಯುವ ಕೆಲಸ. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಜಾಗವೇ ಉಳಿದಿರಲಿಲ್ಲ, ಬದಿಯಲ್ಲಿ ಮೂಳೆಮುಳ್ಳುಗಳು ಬೆಳೆದಿದ್ದವು, ಮೂಳೆಯ ಬುಡ ಮೂರನೇ ಒಂದು ಭಾಗದಷ್ಟು ಹೊರಗೆ ಸರಿದಿತ್ತು. ಆಪರೇಷನ್ನಿಗೆ ಮನಸ್ಸು ಗಟ್ಟಿಮಾಡಿಕೊಂಡೇ ಬಂದಿದ್ದರು. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಾಗ ಏಳು ಎಂದರು.

ಅವರ ಇನ್ನೊಂದು ಕೈಯ ಚಿತ್ರವನ್ನೂ ತೆಗೆಸಿದೆ. ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸವೆತ ಇತ್ತು, ಆದರೆ ಆ ಕೈ ನೋಯುತ್ತಲೇ ಇರಲಿಲ್ಲ. ಹಾಗಾಗಿ ಮೂರು ತಿಂಗಳು ಕಾಯಲು ಅವರನ್ನು ಒಪ್ಪಿಸಿದೆ. ಮೊದಲ ನಾಲ್ಕು ವಾರ ಅಳತೆಗೆ ಮಾಡಿಸಿದ ಪಟ್ಟಿ, ಆಮೇಲೆ ಸಣ್ಣ ಎರಡು ವ್ಯಾಯಾಮ, ಬೀಡಿಯ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ನಿಧಾನವಾಗಿ ಮತ್ತೆ ಏರಿಸುವುದು, ಮನೆಯಲ್ಲಿ ಬಟ್ಟೆ ಹಿಂಡುವ ಕೆಲಸವನ್ನು ಮಗನಿಗೆ ಒಪ್ಪಿಸುವುದು, ಇಷ್ಟೇ. ಮೊದಲ ಮೂರು ವಾರ ಏನೂ ಬದಲಾಗಲಿಲ್ಲ ಎಂದು ಬೇಸರದಿಂದ ಹೇಳಿದ್ದರು. ಮೂರು ತಿಂಗಳು ಕಳೆದಾಗ ಏಳಿದ್ದದ್ದು ಮೂರಕ್ಕೆ ಇಳಿದಿತ್ತು. ಮತ್ತೆ ತೆಗೆದ ಎಕ್ಸ್‌ರೇ ಮಾತ್ರ ಹಿಂದಿನದರ ಪ್ರತಿಯಂತೆಯೇ ಇತ್ತು. ಮೃದ್ವಸ್ಥಿ ಬೆಳೆದಿರಲಿಲ್ಲ, ಕೀಲಿನೊಳಗಿನ ಪೊರೆಯ ಉರಿಯೂತ ಇಳಿದಿತ್ತು, ಜಾರುತ್ತಿದ್ದ ಮೂಳೆಯನ್ನು ಸ್ನಾಯುಗಳು ಮೊದಲಿಗಿಂತ ಚೆನ್ನಾಗಿ ಹಿಡಿಯುತ್ತಿದ್ದವು. ನೋವು ಹುಟ್ಟುವುದು ಹೆಚ್ಚಾಗಿ ಆ ಪೊರೆಯಿಂದ ಮತ್ತು ಎಳೆಯಲ್ಪಟ್ಟ ಕಟ್ಟುನಾರಿನಿಂದ. ಅವೆರಡೂ ಶಾಂತವಾಗಬಲ್ಲವು ಎಂಬುದೇ ನಿಮ್ಮ ಪ್ರಕರಣದಲ್ಲಿಯೂ ನನ್ನ ಭರವಸೆಗೆ ಆಧಾರ.

ಪಟ್ಟಿಯ ವಿಷಯದಲ್ಲಿ ಹೆಚ್ಚು ತಪ್ಪುಗಳಾಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಔಷಧ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಎಲಾಸ್ಟಿಕ್ ಪಟ್ಟಿ ಬೆಚ್ಚಗಿರುತ್ತದೆಯೇ ಹೊರತು ಮೂಳೆ ಜಾರುವುದನ್ನು ಸಾಕಷ್ಟು ತಡೆಯುವುದಿಲ್ಲ. ಮಣಿಕಟ್ಟನ್ನೂ ಸೇರಿಸಿ ಬಿಗಿಯುವ ಉದ್ದನೆಯ ಪಟ್ಟಿ ಹಾಕಿಕೊಂಡರೆ ಯಾವ ಕೆಲಸವೂ ಆಗದೆ ಎರಡೇ ದಿನದಲ್ಲಿ ಅದು ಕಪಾಟು ಸೇರುತ್ತದೆ. ನಿಮಗೆ ಬೇಕಾದದ್ದು ಹೆಬ್ಬೆರಳಿನ ಬುಡವನ್ನು ಮಾತ್ರ ಹಿಡಿದು, ತುದಿಯ ಗಂಟನ್ನೂ ಮಣಿಕಟ್ಟನ್ನೂ ಬಿಟ್ಟುಬಿಡುವ ಗಿಡ್ಡ ಪಟ್ಟಿ. ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ನಿಮ್ಮ ಕೈಯ ಮೇಲೆಯೇ ಒತ್ತಿ ಇದನ್ನು ಮಾಡುತ್ತಾರೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗವಿದೆ, ನಿಮಗೆ ಅದು ದೂರವಲ್ಲ. ಪಟ್ಟಿ ಮಾಡುವಾಗ ಕೈ ಒಂದು ಲೋಟ ಹಿಡಿದ ಭಂಗಿಯಲ್ಲಿರಬೇಕು, ಹೆಬ್ಬೆರಳು ಅಂಗೈಗೆ ಅಂಟಿಕೊಂಡಿರಬಾರದು.

ಮೊದಲ ಮೂರು ನಾಲ್ಕು ವಾರ ಕೆಲಸ ಮಾಡುವ ಹೊತ್ತಿನಲ್ಲೆಲ್ಲ ಅದನ್ನು ಧರಿಸಿ, ಆಮೇಲೆ ಭಾರದ ಕೆಲಸಗಳಿಗೆ ಮತ್ತು ರಾತ್ರಿ ಮಲಗುವಾಗ ಮಾತ್ರ ಸಾಕು. ರಾತ್ರಿ ಪಟ್ಟಿ ಧರಿಸಿದವರನ್ನು ಗಮನಿಸಿದ ಒಂದು ಅಧ್ಯಯನದಲ್ಲಿ ಒಂದು ತಿಂಗಳಿಗೆ ವ್ಯತ್ಯಾಸವೇ ಕಾಣದೆ, ಒಂದು ವರ್ಷಕ್ಕೆ ನೋವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆದ್ದರಿಂದ ಎರಡು ವಾರ ಹಾಕಿ ಪ್ರಯೋಜನವಿಲ್ಲ ಎಂದು ಬಿಟ್ಟವರು ನಿಜವಾಗಿ ಪ್ರಯತ್ನಿಸಿಯೇ ಇಲ್ಲ ಎಂದು ನಾನು ಭಾವಿಸುತ್ತೇನೆ. ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ದಿನಕ್ಕೆರಡು ಬಾರಿ ಪಟ್ಟಿ ತೆಗೆದು ಚರ್ಮ ನೋಡಿಕೊಳ್ಳಿ. ಮಳೆಗಾಲದಲ್ಲಿ ಒಳಗೆ ತೇವ ನಿಂತು ಚರ್ಮ ಬಿಳುಚಿ ಹುಣ್ಣಾಗಬಹುದು. ಅರ್ಧ ಗಂಟೆ ಕಳೆದರೂ ಮಾಯದ ಕೆಂಪು ಗುರುತು ಉಳಿದರೆ ಪಟ್ಟಿಯ ಆ ಜಾಗವನ್ನು ಸರಿಪಡಿಸಿಕೊಡಲು ಹೇಳಿ.

ವ್ಯಾಯಾಮ ಎರಡೇ ಸಾಕು. ಮೊದಲನೆಯದು ಬಿಗಿದ ಸ್ನಾಯುವನ್ನು ಸಡಿಲಗೊಳಿಸುವುದು: ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸಲ ಭಾಗವನ್ನು ಇನ್ನೊಂದು ಕೈಯಿಂದ ಮೃದುವಾಗಿ ಒತ್ತಿ ಹಿಡಿದು ಅರ್ಧದಿಂದ ಒಂದು ನಿಮಿಷ ಹಾಗೆಯೇ ಇರಿಸಿ, ನೋಯುವ ಬುಡವನ್ನು ಒತ್ತಬೇಡಿ. ಎರಡನೆಯದು ಮೂಳೆಯನ್ನು ಒಳಕ್ಕೆ ಹಿಡಿದಿಡುವ ಸ್ನಾಯುವಿಗೆ ಬಲ ತುಂಬುವುದು: ಕೈಯನ್ನು ಕಿರುಬೆರಳಿನ ಬದಿಯ ಮೇಲೆ ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ಲೋಟ ಹಿಡಿದ ಆಕಾರದಲ್ಲಿ ಅಲುಗಿಸದೆ, ತೋರುಬೆರಳನ್ನು ಮಾತ್ರ ಹೆಬ್ಬೆರಳಿನ ಕಡೆಗೆ ಸರಿಸಿ. ಇನ್ನೊಂದು ಕೈಯ ಬೆರಳಿನಿಂದ ಹಗುರವಾಗಿ ಅಡ್ಡಿಪಡಿಸಿ, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆರಡು ಹೊತ್ತು. ಮಾಡಿದ ಎರಡು ಗಂಟೆಯ ನಂತರವೂ ನೋವು ಏರಿಯೇ ಇದ್ದರೆ ಅಡ್ಡಿಪಡಿಸುವ ಬಲವನ್ನು ಅರ್ಧ ಮಾಡಿ.

ಇನ್ನು ಹೂವಿನ ಮಾತು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200 ಹೂ ಎಂಬ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೂವನ್ನು ಹಿಡಿಯುವ ಬಲ ಅಲ್ಪವೇ, ಕೀ ತಿರುಗಿಸುವುದರ ಮುಂದೆ ಏನೂ ಅಲ್ಲ. ತೊಂದರೆ ಇರುವುದು ಬಾಳೆನಾರನ್ನು ಎಳೆದು ಗಂಟು ಬಿಗಿಯುವ ಕ್ಷಣದಲ್ಲಿ ಮತ್ತು ಹೊತ್ತಿಗೆ ಮುಂಚೆ ಹೂ ಕೊಟ್ಟುಬಿಡಬೇಕೆಂದು ಬಿಡುವೇ ಇಲ್ಲದೆ ಕೂರುವುದರಲ್ಲಿ. ಕಟ್ಟುವಾಗ ನಿಮ್ಮ ಹೆಬ್ಬೆರಳನ್ನು ಗಮನಿಸಿ. ತುದಿಯ ಗಂಟು ಬಾಗಿ ತೋರುಬೆರಳಿನೊಂದಿಗೆ ದುಂಡಗಿನ ಬಳೆಯ ಆಕಾರ ಮೂಡುತ್ತಿದ್ದರೆ ಒಳ್ಳೆಯದು. ನಡುವಿನ ಗಂಟು ಹಿಂದಕ್ಕೆ ಬಗ್ಗಿ ಬಳೆ ಚಪ್ಪಟೆಯಾಗುತ್ತಿದ್ದರೆ ಭಾರವೆಲ್ಲ ಬುಡಕ್ಕೆ ಬೀಳುತ್ತಿದೆ ಎಂದರ್ಥ. ನಾರು ಚೆನ್ನಾಗಿ ನೆನೆದು ಮೆತ್ತಗಿರಲಿ. ಬಿಗಿಯುವ ಎಳೆತವನ್ನು ಹೆಬ್ಬೆರಳಿಗೆ ಬಿಡದೆ, ನಾರನ್ನು ಉಳಿದ ಬೆರಳುಗಳಿಗೆ ಒಂದು ಸುತ್ತು ಹಾಕಿಕೊಂಡು ಇಡೀ ಕೈಯಿಂದ ಎಳೆಯಿರಿ. ಒಂದು ಚೆಂಡು ಮುಗಿದ ಮೇಲೆ ಎದ್ದು, ಹತ್ತು ನಿಮಿಷ ಕೈಗೆ ಬೇರೆ ಕೆಲಸ ಕೊಡಿ. ಮೊದಲ ನಾಲ್ಕು ವಾರ ಕಟ್ಟುವ ಪ್ರಮಾಣವನ್ನು ಅರ್ಧ ಮಾಡಲು ಮನೆಯಲ್ಲಿ ಯಾರಾದರೂ ಜೊತೆಗೂಡಿದರೆ ಗುಣ ಬೇಗ ಕಾಣುತ್ತದೆ. ಪೂರ್ತಿ ನಿಲ್ಲಿಸಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡವರ ಸ್ನಾಯುಗಳು ಸೊರಗಿ ಕೀಲು ಇನ್ನಷ್ಟು ಅಲುಗಾಡುತ್ತದೆ.

ಬೀಗಕ್ಕೆ ಎಣ್ಣೆ ಬಿಡಿಸಿ, ಕೀಯ ತಲೆಗೆ ಒಂದು ದಪ್ಪನೆಯ ಮರದ ತುಂಡನ್ನೋ ಪ್ಲಾಸ್ಟಿಕ್ ಹಿಡಿಯನ್ನೋ ಕೂರಿಸಿಕೊಂಡರೆ ಚಿವುಟುವ ಬದಲು ಮುಷ್ಟಿಯಿಂದ ತಿರುಗಿಸಬಹುದು. ಬಾಟ್ಲಿಯನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮುಚ್ಚಳದ ಮೇಲೆ ರಬ್ಬರ್ ಹಾಳೆ ಹಾಕಿ ಅಂಗೈಯಿಂದ ಒತ್ತಿ ತೋಳಿನ ಬಲದಿಂದ ತಿರುಗಿಸಿ. ಹೊಸ ಬಾಟ್ಲಿಯಾದರೆ ಚಮಚದ ಹಿಡಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಒಮ್ಮೆ ಎತ್ತಿ ಗಾಳಿ ಒಳಗೆ ಬಿಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನೋವಿಗೆ ಔಷಧವಾಗಿ ಮೊದಲು ಡೈಕ್ಲೋಫೆನಾಕ್ ಮುಲಾಮನ್ನು ದಿನಕ್ಕೆ ಮೂರು ನಾಲ್ಕು ಬಾರಿ ಎರಡು ವಾರ ಹಚ್ಚಿ ನೋಡಬಹುದು. ಈ ಕೀಲು ಚರ್ಮಕ್ಕೆ ಬಹಳ ಹತ್ತಿರ ಇರುವುದರಿಂದ ಮುಲಾಮು ಒಳಗೆ ತಲುಪುತ್ತದೆ. ಅದೇ ಜಾತಿಯ ಮಾತ್ರೆಗಳನ್ನು ಮಾತ್ರ ನೀವಾಗಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಗಳಿಗೆ ಅವು ಹಾನಿ ಮಾಡಬಲ್ಲವು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ರಕ್ತದೊತ್ತಡವೂ ಏರಬಹುದು.

ಇಂಜೆಕ್ಷನ್ ಎಂದು ನಿಮಗೆ ಹೇಳಿರುವುದು ಬಹುಶಃ ಸ್ಟಿರಾಯ್ಡ್. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಉರಿಯೂತ ಬಹಳ ಏರಿರುವಾಗ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನೆಮ್ಮದಿ ಕೊಡುತ್ತದೆ. ಆದರೆ ಅದರಾಚೆಗೆ ಕೀಲಿನ ಗತಿಯನ್ನು ಬದಲಿಸುವುದಿಲ್ಲ, ಪ್ರತಿ ಸಲವೂ ಅಷ್ಟೇ ಫಲ ಸಿಗುವ ಭರವಸೆಯೂ ಇಲ್ಲ. ಚುಚ್ಚಿದ ಜಾಗದಲ್ಲಿ ಚರ್ಮ ಬಿಳುಪಾಗುವುದು, ಒಳಗಿನ ಕೊಬ್ಬು ಕರಗಿ ತಗ್ಗು ಬೀಳುವುದು ಕೆಲವರಲ್ಲಿ ಆಗುತ್ತದೆ, ಸೋಂಕು ಅಪರೂಪ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಸಕ್ಕರೆ. ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿದ್ದ ಒಬ್ಬರಿಗೆ ಈ ಇಂಜೆಕ್ಷನ್ ಕೊಟ್ಟು, ಸಕ್ಕರೆ ಏರಬಹುದು ಎಂಬ ಎಚ್ಚರಿಕೆಯನ್ನು ಸರಿಯಾಗಿ ಹೇಳದೆ ಕಳಿಸಿದ್ದೆ. ಸಾಮಾನ್ಯವಾಗಿ 180ರ ಆಸುಪಾಸಿನಲ್ಲಿರುತ್ತಿದ್ದ ಅವರ ಸಕ್ಕರೆ ಮೂರನೇ ದಿನ 340 ತಲುಪಿ, ಬಾಯಾರಿಕೆ, ಸುಸ್ತಿನಿಂದ ಮರಳಿ ಬಂದರು. ಆ ತಪ್ಪು ನನ್ನದು. ಅಂದಿನಿಂದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ನೋಡದೆ ನಾನು ಇದನ್ನು ಕೊಡುವುದಿಲ್ಲ, ಕೊಟ್ಟ ಮೇಲೆ ಒಂದು ವಾರ ಪ್ರತಿದಿನ ಸಕ್ಕರೆ ನೋಡಿಕೊಳ್ಳಲು ಬರೆದೇ ಕೊಡುತ್ತೇನೆ. ಕೀಲು ಅತಿ ಚಿಕ್ಕದಾದ್ದರಿಂದ ಸೂಜಿ ಹೊರಗೇ ಉಳಿದುಬಿಡುವುದುಂಟು, ಸ್ಕ್ಯಾನಿಂಗ್ ನೋಡುತ್ತ ಕೊಡುವವರಲ್ಲಿ ತೆಗೆದುಕೊಳ್ಳುವುದು ಮೇಲು. ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಂಜೆಕ್ಷನ್ ಹಾಗೂ ಕೀಲಿಗೆ ತುಂಬುವ ಜೆಲ್‌ಗಳು ಬಹಳ ದುಬಾರಿ, ಈ ಕೀಲಿನಲ್ಲಿ ಅವುಗಳ ಪ್ರಯೋಜನಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಅದಕ್ಕಾಗಿ ಸಾಲ ಮಾಡಬೇಡಿ.

ಆಪರೇಷನ್ನಿನ ಬಗ್ಗೆ ನಾನು ಮಾತಾಡುವುದು, ಮೇಲಿನದ್ದನ್ನೆಲ್ಲ ಸರಿಯಾಗಿ ಆರು ತಿಂಗಳು ಮಾಡಿದ ಮೇಲೂ ನಿದ್ದೆ ಕೆಡುವಷ್ಟು ನೋವು ಉಳಿದವರೊಂದಿಗೆ. ಹೆಚ್ಚು ಅನುಭವವಿರುವ ವಿಧಾನ ಹಳೆಯದು, 1949ರಲ್ಲಿ ಜರ್ವಿಸ್ ಎಂಬ ಶಸ್ತ್ರಚಿಕಿತ್ಸಕರು ವರ್ಣಿಸಿದ್ದು: ಸವೆದ ಟ್ರಪೀಜಿಯಂ ಮೂಳೆಯನ್ನೇ ತೆಗೆದುಬಿಡುವುದು. ಆ ಜಾಗವನ್ನು ಗಾಯದ ಅಂಗಾಂಶ ತುಂಬಿಕೊಳ್ಳುತ್ತದೆ, ಮೂಳೆ ಮೂಳೆಗೆ ಉಜ್ಜುವುದು ನಿಲ್ಲುತ್ತದೆ, ಹೆಚ್ಚಿನವರ ನೋವು ಚೆನ್ನಾಗಿ ಇಳಿಯುತ್ತದೆ. ಅದರ ಜೊತೆಗೆ ಮುಂಗೈಯ ಒಂದು ಸ್ನಾಯುರಜ್ಜುವನ್ನು ತಿರುಗಿಸಿ ಕಟ್ಟುವ ಪದ್ಧತಿಯೂ ಇದೆ, ಆದರೆ ಹೋಲಿಸಿ ನೋಡಿದಾಗ ಬರೀ ಮೂಳೆ ತೆಗೆದುದಕ್ಕಿಂತ ಅದರಿಂದ ಸ್ಪಷ್ಟವಾದ ಹೆಚ್ಚಿನ ಲಾಭ ಕಂಡುಬಂದಿಲ್ಲ. ಕೃತಕ ಕೀಲು ಹಾಕಿದರೆ ಕೈ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ಅದು ಸಡಿಲವಾಗುವ, ಜಾರುವ ಅಪಾಯವಿದೆ. ಕೀಲನ್ನು ಬೆಸೆದು ಗಟ್ಟಿಮಾಡುವ ವಿಧಾನವನ್ನು ಭಾರ ಎತ್ತುವ ಕಿರಿಯ ವಯಸ್ಸಿನವರಿಗಾಗಿ ಇಟ್ಟುಕೊಳ್ಳುತ್ತೇವೆ. ಬೆರಳಿನ ಸೂಕ್ಷ್ಮ ಚಲನೆಯೇ ಬಂಡವಾಳವಾಗಿರುವ ನಿಮ್ಮಂಥವರಿಗೆ ಅದನ್ನು ನಾನು ಸೂಚಿಸಲಾರೆ.

ಮೂಳೆ ತೆಗೆದ ಮೇಲೆ ಸುಮಾರು ನಾಲ್ಕರಿಂದ ಆರು ವಾರ ಕೈ ಪ್ಲಾಸ್ಟರಿನಲ್ಲಿಯೋ ಪಟ್ಟಿಯಲ್ಲಿಯೋ ಇರುತ್ತದೆ, ಹಗುರ ಕೆಲಸಕ್ಕೆ ಮೂರು ತಿಂಗಳು, ಚಿವುಟುವ ಬಲ ತನ್ನ ಮಟ್ಟಕ್ಕೆ ಬರಲು ಆರು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ. ಅದು ಯೌವನದ ಬಲವಾಗಿರುವುದಿಲ್ಲ, ಹೆಬ್ಬೆರಳು ಸ್ವಲ್ಪ ಗಿಡ್ಡವಾಗುತ್ತದೆ. ಗಾಯದ ಮೇಲೆಯೇ ಹಾದುಹೋಗುವ ಒಂದು ಸಣ್ಣ ನರಕ್ಕೆ ಪೆಟ್ಟಾದರೆ ಹೆಬ್ಬೆರಳಿನ ಬೆನ್ನು ಜೋಮು ಹಿಡಿದಂತಿರುತ್ತದೆ ಅಥವಾ ಮುಟ್ಟಿದರೆ ಉರಿಯುತ್ತದೆ, ಮತ್ತು ಕೆಲವೇ ಕೆಲವರಲ್ಲಿ ಇಡೀ ಕೈ ಊದಿ, ಬಿಗಿದು, ತಿಂಗಳುಗಟ್ಟಲೆ ನೋಯುವ ಸ್ಥಿತಿ ಬರುತ್ತದೆ. ಇಂಜೆಕ್ಷನ್ ತೆಗೆದುಕೊಂಡಿದ್ದರೆ ಸೋಂಕಿನ ಭಯದಿಂದ ಅದಾದ ಮೂರು ತಿಂಗಳೊಳಗೆ ಈ ಆಪರೇಷನ್ ಮಾಡದಿರುವುದು ವಾಡಿಕೆ. ಆದ್ದರಿಂದ ಎರಡನ್ನೂ ಒಂದರ ಹಿಂದೆ ಒಂದರಂತೆ ಅವಸರದಲ್ಲಿ ಒಪ್ಪಿಕೊಳ್ಳಬೇಡಿ.

ಈ ವಾರ ಪಟ್ಟಿಯ ಅಳತೆ ಕೊಟ್ಟು ಬನ್ನಿ, ಮನೆಯ ಬೀಗಕ್ಕೆ ಎಣ್ಣೆ ಹಾಕಿಸಿ, ಇಂದಿನ ನೋವಿಗೆ ಹತ್ತರಲ್ಲಿ ಎಷ್ಟು ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರತಿ ಭಾನುವಾರ ಹಾಗೆಯೇ ಬರೆಯಿರಿ, ಅಂದು ಕಟ್ಟಿದ ಚೆಂಡುಗಳ ಸಂಖ್ಯೆಯೂ ಪಕ್ಕದಲ್ಲಿರಲಿ. ಹನ್ನೆರಡು ವಾರಗಳ ನಂತರ ಆ ಕ್ಯಾಲೆಂಡರ್, ಪಟ್ಟಿ, ಸಕ್ಕರೆಯ ಇತ್ತೀಚಿನ ವರದಿ ಈ ಮೂರನ್ನೂ ಹಿಡಿದು ನಿಮ್ಮ ಮೂಳೆ ವೈದ್ಯರಲ್ಲಿಗೆ ಹೋಗಿ. ಇಂಜೆಕ್ಷನ್ ಬೇಕೇ ಬೇಡವೇ ಎಂಬುದನ್ನು ಅಂದು ಅವರೊಂದಿಗೆ ಕೂತು ತೀರ್ಮಾನಿಸಬಹುದು, ಅದಕ್ಕಾಗಿ ಹೊಸ ಎಕ್ಸ್‌ರೇ ತೆಗೆಸುವ ಅಗತ್ಯ ಇರುವುದಿಲ್ಲ.